ಮುಗಿಯದ ದಶಮಾಂಶವನ್ನು ಭಿನ್ನರಾಶಿಗೆ ತರುವುದು ಹೇಗೆ?

ಒಂದು ಹಾಳೆ ತೆಗೆದುಕೊಂಡು 3 ಅನ್ನು 11ರಿಂದ ಭಾಗಿಸಿ. 3ರಲ್ಲಿ 11 ಹೋಗುವುದಿಲ್ಲ. ಬಿಂದು ಇಟ್ಟು ಸೊನ್ನೆ ಇಳಿಸಿದರೆ 30. ಹನ್ನೊಂದೆರಡ್ಲಿ ಇಪ್ಪತ್ತೆರಡು, ಶೇಷ 8. ಮತ್ತೊಂದು ಸೊನ್ನೆ ಇಳಿಸಿದರೆ 80. ಹನ್ನೊಂದೇಳ್ಲಿ ಎಪ್ಪತ್ತೇಳು, ಶೇಷ 3. ಹೊರಟಿದ್ದು 3ರಿಂದ, ಬಂದು ನಿಂತಿದ್ದೂ 3ಕ್ಕೇ. ಇನ್ನು ಮುಂದೆ 2, 7, 2, 7 ಎಂದು ಅದೇ ಸುತ್ತು. ಹೀಗೆ 0.272727… ಎಂಬ ಆವರ್ತ ದಶಮಾಂಶ ಸಿಗುತ್ತದೆ. ಆ ಶೇಷ 3 ಅನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ತಿರುಗಿಸಿ ಕೇಳೋಣ. ಕೈಯಲ್ಲಿ 0.272727… ಮಾತ್ರ ಇದೆ, ಇದು ಯಾವ ಭಿನ್ನರಾಶಿಯಿಂದ ಬಂತೆಂದು ಗೊತ್ತಿಲ್ಲ. ಕಂಡುಹಿಡಿಯುವುದು ಹೇಗೆ?

ಮೊದಲ ಕೆಲಸ, ದಶಮಾಂಶವನ್ನು ಬಿಡಿಸುವುದು. ಮರುಕಳಿಸುವ ಗುಂಪು 27. ಮೊದಲ 27ರ ಬೆಲೆ ನೂರರಲ್ಲಿ 27, ಎರಡನೆಯದರ ಬೆಲೆ ಹತ್ತು ಸಾವಿರದಲ್ಲಿ 27, ಮೂರನೆಯದು ಹತ್ತು ಲಕ್ಷದಲ್ಲಿ 27.

0.272727… = 27/100 + 27/10000 + 27/1000000 + …

ಪ್ರತಿ ಪದವೂ ಹಿಂದಿನದರ ನೂರನೇ ಒಂದು ಭಾಗ. ಹೀಗೆ ಒಂದೇ ಸಂಖ್ಯೆಯಿಂದ ಗುಣಿಸುತ್ತಾ ಹೋಗುವುದೇ ಗುಣೋತ್ತರ ಶ್ರೇಢಿ. ಮೊದಲ ಪದ a = 27/100, ಸಾಮಾನ್ಯ ಅನುಪಾತ r = 1/100.

ಇಲ್ಲಿಗೆ ಬಂದಾಗ ನನ್ನ ಅಕ್ಕನ ಮಗಳು, ಒಂಬತ್ತನೇ ಕ್ಲಾಸಿನವಳು, ಪೆನ್ನು ಕೆಳಗಿಟ್ಟಳು. “ಮಾಮ, ಕೂಡಿಸಿ ಮುಗಿಯೋದೇ ಇಲ್ವಲ್ಲ, ಮೊತ್ತ ಎಲ್ಲಿಂದ ಬರುತ್ತೆ?” ಕೇಳಲೇಬೇಕಾದ ಪ್ರಶ್ನೆ. ಅನಂತ ಪದಗಳನ್ನು ಒಂದೊಂದಾಗಿ ಕೂಡಿಸಲು ಯಾರಿಂದಲೂ ಆಗುವುದಿಲ್ಲ. ಆದ್ದರಿಂದ ಕೆಲವೇ ಪದಗಳನ್ನು ಕೂಡಿಸಿ, ಇನ್ನೆಷ್ಟು ಬಾಕಿ ಉಳಿಯಿತು ಎಂದು ನೋಡಬೇಕು.

3/11 ಎಂಬ ಉತ್ತರ ನಮಗೆ ಮೊದಲೇ ಗೊತ್ತಿರುವುದರಿಂದ ಪರೀಕ್ಷಿಸಿ ನೋಡಬಹುದು. 3/11ರಿಂದ 27/100 ಕಳೆದರೆ ಉಳಿಯುವುದು 3/1100. ಎರಡನೇ ಪದವನ್ನೂ ಕಳೆದರೆ 3/110000. ಮೂರನೆಯದನ್ನೂ ಕಳೆದರೆ 3/11000000. ಬಾಕಿ ಪ್ರತಿ ಸಲವೂ ನೂರರಲ್ಲಿ ಒಂದು ಪಾಲಾಗಿ ಇಳಿಯುತ್ತಿದೆ, ಆದರೆ ಅಂಶದಲ್ಲಿರುವ 3 ಮಾತ್ರ ಕದಲುತ್ತಿಲ್ಲ. ಅದು ಭಾಗಾಕಾರದಲ್ಲಿ ಮತ್ತೆ ಮತ್ತೆ ಎದುರಾದ ಶೇಷ 3 ತಾನೇ!

ಯಾರಾದರೂ “ಲಕ್ಷದಲ್ಲಿ ಒಂದಕ್ಕಿಂತ ಕಡಿಮೆ ವ್ಯತ್ಯಾಸ ಬರಲಿ” ಎಂದರೆ ಮೂರು ಪದ ಕೂಡಿಸಿದರೆ ಸಾಕು. ಇನ್ನೂ ಚಿಕ್ಕ ವ್ಯತ್ಯಾಸ ಕೇಳಿದರೆ ಇನ್ನಷ್ಟು ಪದ ಕೂಡಿಸಿದರಾಯಿತು. ಎಷ್ಟೇ ಚಿಕ್ಕದನ್ನು ಕೇಳಿದರೂ ಬಾಕಿ ಅದಕ್ಕಿಂತ ಕೆಳಗೆ ಇಳಿದು, ಕೆಳಗೇ ಉಳಿಯುತ್ತದೆ. ಹೀಗೆ ಮೊತ್ತಗಳು ಯಾವ ಸಂಖ್ಯೆಯನ್ನು ಸಮೀಪಿಸುತ್ತವೆಯೋ ಅದನ್ನೇ ಅನಂತ ಶ್ರೇಣಿಯ ಮೊತ್ತ ಎನ್ನುತ್ತೇವೆ.

ಬಾಕಿಯ ಲೆಕ್ಕ ಹಿಡಿಯುವ ಈ ದಾರಿ ಹಳೆಯದು. 1444ರಲ್ಲಿ ಕೇರಳದಲ್ಲಿ ಹುಟ್ಟಿದ ನೀಲಕಂಠ ಸೋಮಯಾಜಿ, ಆರ್ಯಭಟೀಯಕ್ಕೆ ಬರೆದ ಭಾಷ್ಯದಲ್ಲಿ 1/4 + 1/16 + 1/64 + … ಎಂಬ ಶ್ರೇಣಿಯನ್ನು ಎತ್ತಿಕೊಂಡು, ಅದು 1/3ರವರೆಗೆ ಮಾತ್ರ ಏಕೆ ಬೆಳೆಯುತ್ತದೆ ಎಂದು ವಿಚಾರ ಮಾಡಿದ್ದಾನೆ. 1/3ರಿಂದ 1/4 ಕಳೆದರೆ 1/12, ಅದರಿಂದ 1/16 ಕಳೆದರೆ 1/48. ಅಲ್ಲಿ ಬಾಕಿ ಪ್ರತಿ ಸಲವೂ ಕಾಲು ಭಾಗಕ್ಕೆ ಇಳಿಯುತ್ತದೆ, ನಮ್ಮಲ್ಲಿ ನೂರನೇ ಭಾಗಕ್ಕೆ.

ಉತ್ತರ ಮೊದಲೇ ಗೊತ್ತಿಲ್ಲದಿದ್ದರೆ ಏನು ಮಾಡುವುದು? ಮೊದಲ n ಪದಗಳ ಮೊತ್ತವನ್ನು S ಎನ್ನೋಣ.

S = a + ar + ar² + … + arⁿ⁻¹

ಇಡೀ ಸಾಲನ್ನು r ನಿಂದ ಗುಣಿಸಿ.

rS = ar + ar² + … + arⁿ

ಮೇಲಿನದರಿಂದ ಕೆಳಗಿನದನ್ನು ಕಳೆದರೆ ನಡುವಿನ ಪದಗಳೆಲ್ಲ ಹೊಡೆದುಹೋಗಿ ಎರಡು ತುದಿಗಳು ಮಾತ್ರ ಉಳಿಯುತ್ತವೆ: S(1 − r) = a − arⁿ. ಅಂದರೆ

S = a(1 − rⁿ) / (1 − r)

ಇದರಲ್ಲಿ n ಇರುವುದು rⁿ ಎಂಬ ಒಂದೇ ಕಡೆ. r = 1/100 ಆದಾಗ, n = 3ಕ್ಕೇ ಅದು ಹತ್ತು ಲಕ್ಷದಲ್ಲಿ ಒಂದು ಪಾಲು; n ಬೆಳೆದಂತೆ ಸೊನ್ನೆಯ ಹತ್ತಿರ ಹತ್ತಿರ ಹೋಗುತ್ತದೆ. ಆದ್ದರಿಂದ ಅನಂತ ಶ್ರೇಣಿಯ ಮೊತ್ತ a / (1 − r). ನಮ್ಮ ಬೆಲೆಗಳನ್ನು ಹಾಕಿದರೆ 27/100 ಭಾಗಿಸು 99/100, ಅಂದರೆ 27/99. ಅಂಶ, ಛೇದ ಎರಡನ್ನೂ 9ರಿಂದ ಭಾಗಿಸಿದರೆ 3/11.

ಪಠ್ಯಪುಸ್ತಕದಲ್ಲಿ x = 0.2727… ಎಂದಿಟ್ಟು, 100x ನಿಂದ x ಕಳೆಯುವ ವಿಧಾನವಿದೆ. ಉತ್ತರ ಬೇಗ ಬರುತ್ತದೆ, ನಿಜ. ಆದರೆ ಅದು x ಎಂಬ ಮೊತ್ತ ಇದ್ದೇ ಇದೆ ಎಂದು ಸದ್ದಿಲ್ಲದೆ ಒಪ್ಪಿಕೊಂಡಿರುತ್ತದೆ. ಅದೇ ಉಪಾಯವನ್ನು 1 + 2 + 4 + 8 + … ಮೇಲೆ ಮಾಡಿ ನೋಡಿ. x = 1 + 2x, ಅಂದರೆ x = −1! ಧನ ಸಂಖ್ಯೆಗಳನ್ನು ಕೂಡಿಸಿದರೆ ಋಣ ಸಂಖ್ಯೆ ಬಂದಿದೆ. ಇಲ್ಲಿ r = 2, rⁿ ಕುಗ್ಗುವ ಬದಲು ಉಬ್ಬುತ್ತಾ ಹೋಗುತ್ತದೆ, ಹಾಗಾಗಿ ಮೊತ್ತವೇ ಇಲ್ಲ. r ನ ಬೆಲೆ −1 ಮತ್ತು 1ರ ನಡುವೆ ಇದ್ದರೆ ಮಾತ್ರ ಸೂತ್ರ ನಡೆಯುತ್ತದೆ. ಆವರ್ತ ದಶಮಾಂಶಗಳಲ್ಲಿ r ಯಾವಾಗಲೂ 1/10, 1/100, 1/1000 ಇಂಥದ್ದೇ ಆದ್ದರಿಂದ ಅಲ್ಲಿ ಆ ಭಯವಿಲ್ಲ.

ಮಕ್ಕಳು ಹೆಚ್ಚಾಗಿ ಎಡವುವುದು r ಆರಿಸುವಾಗ. ದಶಮಾಂಶ ಎಂದಕೂಡಲೇ 1/10 ಎಂದು ಬರೆದುಬಿಡುತ್ತಾರೆ. ಹಾಗೆ ಮಾಡಿದರೆ 27/100 ಭಾಗಿಸು 9/10, ಅಂದರೆ 0.3 ಬರುತ್ತದೆ. 0.27ರಿಂದ ಶುರುವಾಗುವ ಸಂಖ್ಯೆ 0.3 ಆಗಲಾರದು ಎಂದು ಅಲ್ಲೇ ಗೊತ್ತಾಗಬೇಕು. ಗುಂಪಿನಲ್ಲಿ ಎಷ್ಟು ಅಂಕಿಗಳಿವೆಯೋ 1ರ ಮುಂದೆ ಅಷ್ಟು ಸೊನ್ನೆ, ಅದೇ r ನ ಛೇದ.

ಇನ್ನೊಂದು ತೊಡಕು, ಮರುಕಳಿಕೆ ತಡವಾಗಿ ಶುರುವಾಗುವ ಸಂಖ್ಯೆಗಳದ್ದು. 0.41666… ನೋಡಿ. ಮರುಕಳಿಸುವುದು 6 ಮಾತ್ರ. 41 ಒಂದೇ ಸಲ ಬಂದು ಹೋಗುತ್ತದೆ. ಅದನ್ನು ಬೇರೆ ತೆಗೆದಿಡಿ: 0.41 + 0.00666… ಎರಡನೇ ಭಾಗದಲ್ಲಿ ಮೊದಲ 6 ಸಾವಿರದಲ್ಲಿ ಒಂದರ ಸ್ಥಾನದಲ್ಲಿದೆ, ಆದ್ದರಿಂದ a = 6/1000. ಮರುಕಳಿಸುವ ಅಂಕಿ ಒಂದೇ, r = 1/10. ಮೊತ್ತ 6/1000 ಭಾಗಿಸು 9/10, ಅಂದರೆ 6/900, ಸಂಕ್ಷೇಪಿಸಿದರೆ 1/150. ಇದಕ್ಕೆ 41/100 ಕೂಡಿಸಬೇಕು. ಛೇದ 300 ಮಾಡಿಕೊಂಡರೆ 123/300 + 2/300 = 125/300, ಅಂದರೆ 5/12. ಸರಿಯೇ ಎಂದು ತಿಳಿಯಲು 5 ಅನ್ನು 12ರಿಂದ ಕೈಯಲ್ಲೇ ಭಾಗಿಸಿ. ಕ್ಯಾಲ್ಕುಲೇಟರ್ ಕೆಲವೊಮ್ಮೆ ಕೊನೆಯಲ್ಲಿ 7 ತೋರಿಸುತ್ತದೆ. ಅದು ಜಾಗ ಸಾಲದೆ ಅಂದಾಜಿಸಿದ ಅಂಕಿ, ಅದನ್ನು ನಂಬಿ ಆವರ್ತವಿಲ್ಲ ಅಂದುಕೊಳ್ಳಬೇಡಿ.

ಕೊನೆಗೆ ಜಗಳ ಹುಟ್ಟಿಸುವ 0.999… a = 9/10, r = 1/10, ಮೊತ್ತ 9/10 ಭಾಗಿಸು 9/10, ಅಂದರೆ 1. “ಸ್ವಲ್ಪವಾದರೂ ಕಡಿಮೆ ಇರಬೇಕಲ್ಲ ಮಾಮ” ಎಂದು ಅಕ್ಕನ ಮಗಳು ಪಟ್ಟು ಹಿಡಿದಳು. ಹಾಗಾದರೆ ಆ ಸ್ವಲ್ಪ ಎಷ್ಟು ಎಂದು ಬರೆದು ತೋರಿಸು ಎಂದೆ. ಅವಳು 0.001 ಎಂದು ಬರೆದಳು. ನಾಲ್ಕು 9 ಕೂಡಿಸಿದರೆ ಬಾಕಿ 0.0001, ಅವಳು ಬರೆದದ್ದಕ್ಕಿಂತ ಕಡಿಮೆ. ಇನ್ನೆರಡು ಸೊನ್ನೆ ಸೇರಿಸಿದಳು, ನಾನು ಇನ್ನೆರಡು 9 ಸೇರಿಸಿದೆ. ಆಮೇಲೆ ಅವಳೇ ಹಾಳೆ ಎಳೆದುಕೊಂಡು 0.58333… ಬಿಡಿಸಲು ಕೂತಳು. ನೀವೂ ಮಾಡಿ, 7/12 ಬರಬೇಕು.