ಅಪಾಯಿಂಟ್‌ಮೆಂಟ್ ಮುಂದಕ್ಕೆ ಹಾಕಿ, ನಡುವೆ ಜಾಗ ಖಾಲಿಯಾದರೆ ಕರೆಯಿರಿ: ನಾನು ಕಳಿಸಿದ ಮೆಸೇಜು

ನಾನು ಹಾಸನದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಟೀಚರ್. ಕೆಲವು ವರ್ಷಗಳಿಂದ ಗಂಟುಗಳು ಊದಿ ನೋಯುವ ರುಮಟಾಯ್ಡ್ ಆರ್ಥ್ರೈಟಿಸ್ ಇದೆ. ಮೂರು ತಿಂಗಳಿಗೊಮ್ಮೆ ಬೆಂಗಳೂರಿನ ಕ್ಲಿನಿಕ್ಕಿಗೆ ಹೋಗಿ ರುಮಟಾಲಜಿಸ್ಟ್‌ಗೆ ತೋರಿಸಿಕೊಂಡು ಬರುತ್ತೇನೆ. ಅವರು ಅಲ್ಲಿ ಕೂರುವುದು ಮಂಗಳವಾರ ಮತ್ತು ಶುಕ್ರವಾರ ಮಾತ್ರ. ಹಾಗಾಗಿ ಒಂದು ದಿನ ತಪ್ಪಿದರೆ ಮುಂದಿನದು ಸಿಗಲು ವಾರಗಟ್ಟಲೆ ಕಾಯಬೇಕು.

ಈ ಸಲ ನನ್ನ ದಿನ ಮಾರ್ಚ್ 24, ಮಂಗಳವಾರ ಇತ್ತು. ಅದೇ ದಿನ ನನಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಕೊಠಡಿ ಮೇಲ್ವಿಚಾರಣೆ ಡ್ಯೂಟಿ ಬಿತ್ತು. ಆ ಡ್ಯೂಟಿಯನ್ನು ಸುಮ್ನೆ ಬಿಡಿಸಿಕೊಳ್ಳಲು ಆಗುವುದಿಲ್ಲ. ಅತ್ತ ಕೈಬೆರಳುಗಳ ನೋವು ಬೇರೆ ಜಾಸ್ತಿಯಾಗುತ್ತಿತ್ತು. ಅಂದರೆ ದಿನ ಮುಂದಕ್ಕೂ ಹೋಗಬೇಕು, ಸಾಧ್ಯವಾದರೆ ಹಿಂದಕ್ಕೂ ಬರಬೇಕು.

ಇವು ಎರಡು ಬೇರೆ ಬೇರೆ ಕೋರಿಕೆಗಳು. ದಿನ ಬದಲಾಯಿಸುವ ಕೆಲಸ ಆ ಕ್ಷಣಕ್ಕೆ ಮುಗಿಯುತ್ತದೆ. ಯಾರಾದರೂ ಕ್ಯಾನ್ಸಲ್ ಮಾಡಿದರೆ ಕರೆಯುವುದು ಮಾತ್ರ ಮುಂದೆ ಯಾವತ್ತೋ, ಬೇರೆ ಯಾರೋ ಕೌಂಟರಿನಲ್ಲಿ ಕೂತಿದ್ದಾಗ ಆಗಬೇಕಾದ ಕೆಲಸ. ಆಗ ಅವರು ನನಗೆ ಫೋನ್ ಮಾಡಿ ವಿವರ ಕೇಳುತ್ತಾ ಕೂರುವುದಿಲ್ಲ. ಲಿಸ್ಟಿನಲ್ಲಿ ಯಾರು ತಕ್ಷಣ ಬರುತ್ತಾರೋ ಅವರಿಗೆ ಕೊಡುತ್ತಾರೆ. ಹಾಗಾಗಿ ಎರಡನೆಯ ಕೋರಿಕೆಗೆ ಬೇಕಾದ ಉತ್ತರಗಳೆಲ್ಲ ಮೊದಲೇ ಬರಹದಲ್ಲಿ ಇರಬೇಕು ಅಂದುಕೊಂಡು, ಕ್ಲಿನಿಕ್ಕಿನ ವಾಟ್ಸಾಪ್ ನಂಬರಿಗೆ ಹೀಗೆ ಬರೆದೆ:

"ನಮಸ್ಕಾರ. ಹೆಸರು: (ಫೈಲಿನಲ್ಲಿ ಇರುವಂತೆ). ಯುಎಚ್‌ಐಡಿ: (ನಂಬರ್). ಫಾಲೋಅಪ್ ಪೇಷಂಟ್, ರುಮಟಾಲಜಿ. ಈಗಿನ ಅಪಾಯಿಂಟ್‌ಮೆಂಟ್: ಮಾರ್ಚ್ 24, ಬೆಳಿಗ್ಗೆ 10.30.

ಆ ದಿನ ಪರೀಕ್ಷಾ ಡ್ಯೂಟಿ ಇರುವುದರಿಂದ ಬರಲಾಗುವುದಿಲ್ಲ. ಏಪ್ರಿಲ್ 7 ಅಥವಾ ಅದರ ನಂತರದ ಮೊದಲ ದಿನ ಕೊಡಿ. ಹೊಸ ದಿನ ಖಾತ್ರಿಯಾಗುವವರೆಗೆ 24ರದ್ದನ್ನು ದಯವಿಟ್ಟು ರದ್ದು ಮಾಡಬೇಡಿ.

ಮಾರ್ಚ್ 10, 13 ಅಥವಾ 17ರಂದು ಯಾರಾದರೂ ಕ್ಯಾನ್ಸಲ್ ಮಾಡಿದರೆ ನನ್ನನ್ನು ಕರೆಯಿರಿ. ಹಿಂದಿನ ರಾತ್ರಿ 8ರೊಳಗೆ ಹೇಳಿದರೆ ಮರುದಿನ ಬೆಳಿಗ್ಗೆ 11.30ರ ನಂತರದ ಯಾವ ಹೊತ್ತಿಗಾದರೂ ಬರುತ್ತೇನೆ. ಶಾಲೆಯ ಹೊತ್ತಿನಲ್ಲಿ ನಾನು ಫೋನ್ ಎತ್ತದಿದ್ದರೆ ನನ್ನ ಗಂಡನ ನಂಬರಿಗೆ ಮಾಡಿ, ಅವರು ಒಪ್ಪಿದರೆ ನಾನು ಒಪ್ಪಿದಂತೆ.

ಡಾಕ್ಟರ ಗಮನಕ್ಕೆ: ಬೆಳಿಗ್ಗೆ ಗಂಟುಗಳ ಬಿಗಿತ ಮೊದಲು 20 ನಿಮಿಷ ಇರುತ್ತಿತ್ತು, ಎರಡು ವಾರದಿಂದ ಒಂದು ಗಂಟೆ ದಾಟುತ್ತಿದೆ. ಬಲಗೈಯ ಎರಡು ಬೆರಳು ಊದಿವೆ. ಜ್ವರ ಇಲ್ಲ. ಮೆಥೋಟ್ರೆಕ್ಸೇಟ್ ಮಾತ್ರೆ ಮಾರ್ಚ್ ಕೊನೆಯವರೆಗೆ ಸಾಕಾಗುತ್ತದೆ."

ಇದರಲ್ಲಿ ನಾನು ಹೆಚ್ಚು ಯೋಚಿಸಿದ್ದು ರದ್ದು ಮಾಡಬೇಡಿ ಅನ್ನುವ ವಾಕ್ಯದ ಬಗ್ಗೆ. ಬರಲಾಗುವುದಿಲ್ಲ ಎಂದು ಕಂಡ ಕೂಡಲೇ ಆ ಜಾಗವನ್ನು ಬಿಡುಗಡೆ ಮಾಡುವುದು ಕೌಂಟರಿನವರ ಅಭ್ಯಾಸ. ಹೊಸ ದಿನ ಸಿಗದೆ ಹಳೆಯದೂ ಹೋದರೆ ನಾನು ಲಿಸ್ಟಿನಲ್ಲೇ ಇರುವುದಿಲ್ಲ. ಏಪ್ರಿಲ್‌ನಲ್ಲಿ ಜಾಗವೇ ಇಲ್ಲ ಅಂದಿದ್ದರೆ 24ಕ್ಕೆ ಬದಲಿ ಮೇಲ್ವಿಚಾರಕರನ್ನು ಕೇಳಿ ನೋಡುವ ದಾರಿಯಾದರೂ ಉಳಿಯುತ್ತಿತ್ತು.

11.30 ಎಂದು ಬರೆದದ್ದಕ್ಕೂ ಲೆಕ್ಕವಿದೆ. ಹಾಸನದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ನಾಲ್ಕು ಗಂಟೆ ಹಿಡಿಯಿತು ಅಂದುಕೊಳ್ಳಿ, ಊರೊಳಗಿನ ಟ್ರಾಫಿಕ್ಕಿಗೆ ಇನ್ನೊಂದು ಗಂಟೆ. ಬೆಳಿಗ್ಗೆ ಆರಕ್ಕೆ ಹೊರಟರೂ 11ರ ಮೊದಲು ತಲುಪುವ ಭರವಸೆ ಇಲ್ಲ. "ಯಾವಾಗ ಬೇಕಾದರೂ ಬರುತ್ತೇನೆ" ಎಂದು ಬರೆಯಬಹುದಿತ್ತು. ಅವರು 9.30ರ ಜಾಗಕ್ಕೆ ಕರೆದು ನಾನು ಆಗಲ್ಲ ಅಂದರೆ, ಮುಂದಿನ ಸಲ ಕರೆಯುವಾಗ ನನ್ನ ಹೆಸರು ದಾಟಿ ಹೋಗುತ್ತಾರೆ ಅಲ್ವಾ?

ಡಾಕ್ಟರಿಗೆ ಅಂತ ಬರೆದ ಸಾಲುಗಳಲ್ಲಿ "ತುಂಬಾ ನೋವು, ಅರ್ಜೆಂಟ್" ಎಂದು ಬರೆಯಲಿಲ್ಲ. ಆ ಮಾತು ಎಲ್ಲರ ಮೆಸೇಜಿನಲ್ಲೂ ಇರುತ್ತದೆ. ಬೆಳಗಿನ ಬಿಗಿತ ಎಷ್ಟು ಹೊತ್ತು ಇರುತ್ತದೆ ಎಂಬುದು ಪ್ರತಿ ಭೇಟಿಯಲ್ಲೂ ಡಾಕ್ಟರು ಕೇಳುವ ಪ್ರಶ್ನೆ. ಅದು ಉದ್ದವಾಗುತ್ತಿದ್ದರೆ ಕಾಯಿಲೆ ಮತ್ತೆ ಕೆರಳುತ್ತಿದೆ ಎಂಬ ಗುಮಾನಿ ಬರುತ್ತದೆ. ಜ್ವರ ಇಲ್ಲ ಎಂದು ಬರೆದದ್ದೂ ಬೇಕೆಂದೇ. ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ ಜ್ವರ, ಬಾಯಿಹುಣ್ಣು, ಒಣಕೆಮ್ಮು, ಉಸಿರು ಕಟ್ಟುವುದು ಬಂದರೆ ಅದು ಲಿಸ್ಟಿನಲ್ಲಿ ಕಾಯುವ ವಿಷಯವೇ ಅಲ್ಲ. ಆಗ ಮೆಸೇಜು ಬರೆಯುತ್ತಾ ಕೂರದೆ ಫೋನ್ ಮಾಡಿ ಮಾತಾಡಬೇಕು, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೋಗಬೇಕು.

ಸಂಜೆ ಉತ್ತರ ಬಂತು: ಏಪ್ರಿಲ್ 10, ಮಧ್ಯಾಹ್ನ 12.30. ಜೊತೆಗೆ ಒಂದು ಪ್ರಶ್ನೆ, "ಮೇಡಂ, ವಿಡಿಯೊ ಕನ್ಸಲ್ಟೇಶನ್ ಆಗುತ್ತಾ?" ಒಮ್ಮೆ ಎದುರಿಗೆ ನೋಡಿದ ಡಾಕ್ಟರು ಅದೇ ಕಾಯಿಲೆಗೆ ಆರು ತಿಂಗಳೊಳಗೆ ವಿಡಿಯೊದಲ್ಲಿ ನೋಡಿದರೆ ಅದು ಫಾಲೋಅಪ್ ಎಂದೇ ಲೆಕ್ಕ, 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲಿ ಹಾಗಿದೆ. ಬರೀ ಮಾತ್ರೆ ಮುಂದುವರಿಸುವುದಾಗಿದ್ದರೆ ನಾನು ಒಪ್ಪುತ್ತಿದ್ದೆ. ಈ ಸಲ ಬೆರಳು ಊದಿದೆ. ಯಾವ ಗಂಟು ಒತ್ತಿದರೆ ನೋಯುತ್ತದೆ, ಯಾವುದು ಮೆತ್ತಗೆ ಊದಿದೆ ಎಂದು ಅವರು ಕೈಯಿಂದ ಮುಟ್ಟಿ ನೋಡಬೇಕು. ಹಾಗೆಂದೇ ತಿಳಿಸಿ, ಎದುರಿಗೇ ಬರುತ್ತೇನೆ ಅಂದೆ.

ನಾನೂ ಎರಡು ವಿಷಯ ಕೇಳಿದೆ. ಮೊದಲೇ ಕಟ್ಟಿದ ಫೀಸು ಹೊಸ ದಿನಕ್ಕೆ ನಡೆಯುತ್ತದಾ? ನಡೆಯುತ್ತದೆ ಅಂದರು. ರಕ್ತಪರೀಕ್ಷೆಯ ರಿಪೋರ್ಟು ಎಷ್ಟು ಹಳೆಯದಾದರೂ ಆಗುತ್ತದೆ? ಎರಡು ವಾರದೊಳಗಿನದು ಇರಲಿ ಅಂದರು. ಈ ಎರಡನೆಯದು ಮುಖ್ಯ. ಮೆಥೋಟ್ರೆಕ್ಸೇಟ್‌ನಿಂದ ಲಿವರ್‌ಗೂ ರಕ್ತಕಣಗಳಿಗೂ ತೊಂದರೆಯಾಗಿದೆಯಾ ಎಂದು ನೋಡದೆ ಡಾಕ್ಟರು ಡೋಸ್ ಬದಲಿಸುವುದಿಲ್ಲ. ಸಿಬಿಸಿ, ಲಿವರ್ ಫಂಕ್ಷನ್, ಕ್ರಿಯಾಟಿನಿನ್ ಮೂರೂ ಬೇಕು. ರಾತ್ರಿ ಎಂಟಕ್ಕೆ ಕರೆ ಬಂದರೆ ಬೆಳಿಗ್ಗೆ ಆರರೊಳಗೆ ರಿಪೋರ್ಟು ಎಲ್ಲಿಂದ ತರುವುದು? ಹಾಗಾಗಿ ಮಾರ್ಚ್ 7ರಂದೇ ಹಾಸನದ ಲ್ಯಾಬಿನಲ್ಲಿ ರಕ್ತ ಕೊಟ್ಟೆ. ನಾನು ಬರೆದ ಮೂರೂ ದಿನಗಳು ಎರಡು ವಾರದೊಳಗೇ ಬರುತ್ತಿದ್ದವು. ಯಾವುದೂ ಸಿಗದಿದ್ದರೆ ಏಪ್ರಿಲ್‌ಗೆ ಮತ್ತೆ ಟೆಸ್ಟ್ ಮಾಡಿಸಬೇಕಿತ್ತು, ದುಡ್ಡು ದಂಡ. ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಪಿಡಿಎಫ್ ಬಂದ ಕೂಡಲೇ ಅದೇ ವಾಟ್ಸಾಪಿಗೆ ಹಾಕಿ, "ರಿಪೋರ್ಟು ರೆಡಿ ಇದೆ, 10, 13, 17 ಯಾವ ದಿನವಾದರೂ ಸರಿ" ಎಂದು ಒಂದೇ ಸಾಲು ಬರೆದೆ. ಹಳೆಯ ಮೆಸೇಜು ಮತ್ತೆ ಅವರ ಕಣ್ಣಿಗೆ ಬೀಳಲು ಅದೊಂದು ನೆಪವೂ ಆಯಿತು. ದಿನಾ "ಖಾಲಿ ಇದೆಯಾ" ಎಂದು ಕೇಳುವುದು ನನಗೆ ಇಷ್ಟವಿಲ್ಲ, ಅವರಿಗಂತೂ ಇಷ್ಟವೇ ಇಲ್ಲ.

10ರಂದು ಏನೂ ಆಗಲಿಲ್ಲ. 12ರ ಮಧ್ಯಾಹ್ನ ಪಾಠದಲ್ಲಿದ್ದಾಗ ಕ್ಲಿನಿಕ್ಕಿನಿಂದ ಕರೆ ಬಂದಿತ್ತು, ನನ್ನ ಫೋನು ಸ್ಟಾಫ್ ರೂಮಿನಲ್ಲಿ. ಅವರು ಗಂಡನಿಗೆ ಮಾಡಿದರು. ನಾಳೆ 12.10ಕ್ಕೆ ಒಬ್ಬರು ಬರುತ್ತಿಲ್ಲ, ನಿಮ್ಮವರು ಬರುತ್ತಾರಾ ಎಂದರಂತೆ. ನಾವು ಮೊದಲೇ ಮಾತಾಡಿಕೊಂಡಿದ್ದರಿಂದ ಇವರು ನನ್ನನ್ನು ಕೇಳಲು ಕಾಯದೆ ಬರುತ್ತಾರೆ ಅಂದುಬಿಟ್ಟರು. ಸಂಜೆ ನಾನು ವಾಟ್ಸಾಪಿನಲ್ಲಿ ಖಾತ್ರಿ ಮಾಡಿಕೊಂಡೆ: "ಮಾರ್ಚ್ 13, 12.10, ಫಾಲೋಅಪ್. ಬರುತ್ತಿದ್ದೇನೆ."

ಏಪ್ರಿಲ್ 10ರದ್ದನ್ನು ಆಗಲೇ ಬಿಟ್ಟುಕೊಡಲಿಲ್ಲ. ಬಸ್ಸು ಕೆಟ್ಟರೆ, ಡಾಕ್ಟರು ಎಮರ್ಜೆನ್ಸಿಗೆ ಎದ್ದು ಹೋದರೆ ಅದು ಬೇಕಾಗುತ್ತಿತ್ತು. 13ರಂದು ಡಾಕ್ಟರು ಬೆರಳು ನೋಡಿ ಡೋಸ್ ಬದಲಿಸಿ, ಆರು ವಾರ ಬಿಟ್ಟು ಬನ್ನಿ ಅಂದರು. ಆರು ವಾರ ಅಂದರೆ ಏಪ್ರಿಲ್ 24. ಹೊರಗೆ ಬಂದು ಕೌಂಟರಿನಲ್ಲಿ ಆ ದಿನ ಬರೆಸಿ, 10ರ 12.30ರದ್ದನ್ನು ರದ್ದು ಮಾಡಿಸಿದೆ. ಅಲ್ಲಿ ಕೂತಿದ್ದ ಹುಡುಗಿ ಅದನ್ನು ಗುರುತು ಹಾಕಿಕೊಂಡು, ನನ್ನೆದುರಿಗೇ ಲಿಸ್ಟಿನಲ್ಲಿದ್ದ ಇನ್ನೊಬ್ಬರಿಗೆ ಫೋನ್ ಹಚ್ಚಿದಳು.