ಚಕ್ಕುಲಿ ಎಣ್ಣೆಯ ಲೆಕ್ಕ ಕೊನೆಗೂ ಕೂಡಿತು

ಇಷ್ಟೇ ಖರ್ಚಾಗಬೇಕು ಅಂತ ಮೊದಲೇ ಗೊತ್ತುಮಾಡಿ, ಆದ ಖರ್ಚನ್ನು ಅದಕ್ಕೆ ಹೋಲಿಸೋ ಸ್ಟ್ಯಾಂಡರ್ಡ್ ಕಾಸ್ಟಿಂಗ್ ಮಾಡೋಣ ಅಂದಾಗ ಭಾವ ನಕ್ಕಿದ್ದರು: "ಅದೆಲ್ಲ ದೊಡ್ಡ ಫ್ಯಾಕ್ಟರಿಗಳ ಗೀಳು, ನಮ್ಮ ನಾಲ್ಕು ಬಾಣಲೆಗೆ ಯಾಕೆ?" ಚಕ್ಕುಲಿ ಘಟಕ ಅವರದು, ಲೆಕ್ಕಪತ್ರ ನನ್ನದು. ಮೊದಲ ತಿಂಗಳು ಅವರು ನಕ್ಕಿದ್ದೇ ಸರಿ ಅನ್ನೋ ಹಾಗಾಯಿತು.

1 ಕೆಜಿ ಚಕ್ಕುಲಿಗೆ ಕಾಲು ಕೆಜಿ ಎಣ್ಣೆ, ಎಣ್ಣೆ ಕೆಜಿಗೆ 140 ರೂಪಾಯಿ ಅಂತ ಸ್ಟ್ಯಾಂಡರ್ಡ್ ಹಿಡಿದಿದ್ದೆ. ಕಾಲು ಕೆಜಿ ಅನ್ನೋದನ್ನು ಹೇಗೆ ಗೊತ್ತುಮಾಡಿದೆ ಅಂತ ಇಲ್ಲಿ ಹೇಳಲ್ಲ, ಅದಕ್ಕೆ ಮೂರು ಭಾನುವಾರ ಹೋಗಿದೆ. ತಿಂಗಳಿಗೆ 1,800 ಕೆಜಿ ತಯಾರಿಯ ಅಂದಾಜಿನಲ್ಲಿ ಎಣ್ಣೆಗೆ 63,000 ಆಗಬೇಕಿತ್ತು, ಆದದ್ದು ಹೆಚ್ಚುಕಮ್ಮಿ 74,000. ಹನ್ನೊಂದು ಸಾವಿರ ಸೋರಿತು ಅಂತ ಕರಿಯುವವರ ಮೇಲೆ ರೇಗಿದೆ. ಅವರಲ್ಲಿ ಹಿರಿಯರೊಬ್ಬರು ಒಂದೇ ಮಾತು ಹೇಳಿದರು: "ಹಬ್ಬಕ್ಕೆ 2,000 ಕೆಜಿ ಕರಿಸಿದ್ರಲ್ಲ ಸಾಮಿ, ಎಣ್ಣೆ ಹೋಗದೆ ಇರುತ್ತಾ?" ನಾಚಿಕೆಯಾಯಿತು. ಆದ ತಯಾರಿಗೆ ಸ್ಟ್ಯಾಂಡರ್ಡ್ ಹಾಕದೆ, ಅಂದಾಜಿನ ತಯಾರಿಗೆ ಹಾಕಿ ಕೂತಿದ್ದೆ.

ಮತ್ತೆ ಕೂಡಿಸಿದೆ. 2,000 ಕೆಜಿಗೆ 500 ಕೆಜಿ ಎಣ್ಣೆ, 70,000 ರೂಪಾಯಿ. ನಿಜವಾಗಿ ಹೆಚ್ಚಾದದ್ದು ಸುಮಾರು ನಾಲ್ಕು ಸಾವಿರ ಅಷ್ಟೇ. ಬಾಣಲೆಯಲ್ಲೇ ಉಳಿದ ಎಣ್ಣೆಯನ್ನು ತೂಗಿ ಕಳೆದ ಮೇಲೆ ಬಳಕೆ 560 ಕೆಜಿ, ಕೊಂಡ ದರ 132. ಬಾಣಲೆಯ ಆ ಎಣ್ಣೆಯನ್ನು ಕಳೆಯದಿದ್ದರೆ ಈ ಲೆಕ್ಕವೇ ಸುಳ್ಳು.

ಸ್ಟ್ಯಾಂಡರ್ಡ್‌ಗೂ ಆದದ್ದಕ್ಕೂ ಇರೋ ವ್ಯತ್ಯಾಸವೇ ವೇರಿಯನ್ಸ್. ದರದ ವೇರಿಯನ್ಸ್: ಕೆಜಿಗೆ 8 ರೂಪಾಯಿ ಉಳಿತಾಯ, 560 ಕೆಜಿಗೆ ಸುಮಾರು 4,500 ಅನುಕೂಲ. ಬಳಕೆಯ ವೇರಿಯನ್ಸ್: 60 ಕೆಜಿ ಹೆಚ್ಚು, ಸ್ಟ್ಯಾಂಡರ್ಡ್ ದರ 140ರಲ್ಲಿ 8,400 ಪ್ರತಿಕೂಲ. "ಎಣ್ಣೆ ಅಗ್ಗಕ್ಕೆ ತಂದೆ" ಅಂತ ಬೀಗುತ್ತಿದ್ದವರು ಭಾವನೇ. ಬೈಸಿಕೊಳ್ಳುತ್ತಿದ್ದವರು ಕರಿಯುವವರು.

ಒಂದಿಡೀ ಮಧ್ಯಾಹ್ನ ಒಲೆಯ ಪಕ್ಕ ನಿಂತೆ. ಭಾವ ತಂದ ಅಗ್ಗದ ಎಣ್ಣೆ ನೊರೆ ಉಕ್ಕಿಸುತ್ತಿತ್ತು, ಚೆಲ್ಲುತ್ತದೆ ಅಂತ ಕರಿಯುವವರು ಉರಿ ಸಣ್ಣ ಮಾಡುತ್ತಿದ್ದರು. ಎಣ್ಣೆ ಕಾವು ಕಡಿಮೆಯಾದರೆ ಚಕ್ಕುಲಿ ಹೆಚ್ಚು ಹೊತ್ತು ಬೇಯುತ್ತದೆ, ಎಣ್ಣೆ ಕುಡಿಯುತ್ತದೆ. ಕಾಗದದ ಮೇಲಿಟ್ಟರೆ ಕಲೆ ಅಂಗೈಯಗಲ. ಕೆಜಿಗೆ 8 ರೂಪಾಯಿ ಉಳಿಸಿದ ಕೈಯೇ 60 ಕೆಜಿ ಎಣ್ಣೆ ಚೆಲ್ಲಿತ್ತು. ಎರಡು ವೇರಿಯನ್ಸ್‌ಗೂ ಕಾರಣ ಒಂದೇ, ಒಂದನ್ನು ಹೊಗಳಿ ಇನ್ನೊಂದನ್ನು ಬೈಯೋ ಹಾಗಿಲ್ಲ.

ಮೊದಲು ಕೊಳ್ಳುತ್ತಿದ್ದ ಎಣ್ಣೆಗೇ ಮರಳಿದೆವು. ಮುಂದಿನ ತಿಂಗಳು ಸುಮಾರು 1,900 ಕೆಜಿಗೆ 480ರ ಹತ್ತಿರ ಹೋಯಿತು.

ನಡುವೆ ಗ್ಯಾಸಿಗೂ ಸ್ಟ್ಯಾಂಡರ್ಡ್ ಹಾಕೋಣ ಅಂತ ದಿನಾ ಸಿಲಿಂಡರ್ ತೂಗಿದೆ. ಟೀ ಮಾಡೋದಕ್ಕೂ ಅದೇ ಸಿಲಿಂಡರ್ ಅಂತ ಹತ್ತು ದಿನ ಆದ ಮೇಲೆ ತಿಳಿಯಿತು, ಬಿಟ್ಟೆ. ಈಗ ಭಾವ ಹೊಸ ಅಂಗಡಿಯ ದರ ಹೇಳಿದರೆ ಮೊದಲು ಒಂದು ಟಿನ್ ಮಾತ್ರ ತರಿಸುತ್ತೇವೆ.