ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ: ದತ್ತಿನಿಧಿ ಎಷ್ಟಿರಬೇಕು?

ಓದಿದ ಶಾಲೆಯಲ್ಲಿ ತಂದೆ ಅಥವಾ ತಾಯಿಯ ಹೆಸರಿನಲ್ಲಿ ದತ್ತಿ ಇಡುವವರು ಸಾಮಾನ್ಯವಾಗಿ ಕೈಯಲ್ಲಿರುವ ಹಣವನ್ನು ಕೊಟ್ಟು, ಬಂದ ಬಡ್ಡಿಯನ್ನು ಹಂಚಿ ಎನ್ನುತ್ತಾರೆ. ಲೆಕ್ಕ ಹಿಂದಿನಿಂದ ಶುರುವಾಗಬೇಕು. ಮೊದಲು ಮಗುವಿನ ಕೈಗೆ ಸೇರಬೇಕಾದ ಮೊತ್ತವನ್ನು ನಿರ್ಧರಿಸಿ. ಅದು ಪ್ರತಿವರ್ಷ 12,000 ರೂಪಾಯಿ ಎಂದುಕೊಳ್ಳೋಣ.

ಸೂತ್ರ ಸರಳ. ವಿದ್ಯಾರ್ಥಿವೇತನವನ್ನು 100ರಿಂದ ಗುಣಿಸಿ, ಬಡ್ಡಿ ದರದಿಂದ ಭಾಗಿಸಿ. ಬ್ಯಾಂಕ್ ಶೇ 7 ಕೊಡುತ್ತಿದ್ದರೆ 12,00,000 ಭಾಗಿಸು 7, ಅಂದರೆ ಸುಮಾರು 1,71,500 ರೂಪಾಯಿ. ವರ್ಷದ ಕೊನೆಗೆ 12,005 ರೂಪಾಯಿ ಬಡ್ಡಿ ಬರುತ್ತದೆ, ಅಸಲು ಹಾಗೆಯೇ ಉಳಿಯುತ್ತದೆ.

ಇಲ್ಲಿಗೇ ನಿಲ್ಲಿಸಿದವರು ಮುಂದೆ ಪೇಚಿಗೆ ಸಿಲುಕುತ್ತಾರೆ. ವಿದ್ಯಾರ್ಥಿವೇತನದ ಮೊತ್ತ ಬದಲಾಗದಿದ್ದರೂ ಠೇವಣಿಯ ದರ ಬದಲಾಗುತ್ತದೆ. 2013ರ ಸುಮಾರಿಗೆ ಶೇ 8.5ರಿಂದ 9ರಷ್ಟು ಸಿಗುತ್ತಿದ್ದ ಬಡ್ಡಿ 2020ರಲ್ಲಿ ಶೇ 5.5ರ ಆಸುಪಾಸಿಗೆ ಇಳಿದಿತ್ತು. ನಮ್ಮ ನಿಧಿಯ ದರವೂ ನವೀಕರಣದ ಹೊತ್ತಿಗೆ ಶೇ 5.5ಕ್ಕೆ ಇಳಿದರೆ ಬರುವ ಬಡ್ಡಿ 9,432 ರೂಪಾಯಿ. ಕೊರತೆಯ 2,568 ರೂಪಾಯಿಯನ್ನು ಅಸಲಿನಿಂದ ತೆಗೆದರೆ ಮರುವರ್ಷದ ಬಡ್ಡಿ ಇನ್ನೂ ಕಡಿಮೆಯಾಗುತ್ತದೆ, ಕೊರತೆ ಹಿಗ್ಗುತ್ತದೆ. ದರ ಅಲ್ಲಿಯೇ ನಿಂತರೆ 28 ಮಕ್ಕಳಿಗೆ ಪೂರ್ತಿ ಹಣ ಸಿಕ್ಕಿ, 29ನೆಯ ಮಗುವಿನ ಸರದಿಯಲ್ಲಿ ಖಾತೆ ಬರಿದಾಗುತ್ತದೆ. ಶಾಶ್ವತ ಎಂದು ಫಲಕದಲ್ಲಿ ಕೆತ್ತಿಸಿದ ಮೇಲೆ ಹೀಗಾಗುವುದು ನನಗೆ ತುಂಬ ನೋವಿನ ಸಂಗತಿ. ಮೊದಲ ಕೆಲವು ವರ್ಷ ಯಾರಿಗೂ ಇದರ ಸುಳಿವು ಸಿಗುವುದಿಲ್ಲ. ಪ್ರತಿ ನವೀಕರಣದಲ್ಲಿ ಠೇವಣಿ ಪತ್ರದ ಮೇಲಿನ ಅಸಲು ಹಿಂದಿನದಕ್ಕಿಂತ ಕಡಿಮೆ ಇದೆಯೇ ಎಂದು ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಆದ್ದರಿಂದ ಇಂದು ಶೇ 7 ಸಿಗುತ್ತಿದ್ದರೂ ಶೇ 6 ಎಂದೇ ಲೆಕ್ಕ ಹಾಕಿ. ಆಗ ಬೇಕಾಗುವುದು 2 ಲಕ್ಷ ರೂಪಾಯಿ. ಶೇ 7ರ ವರ್ಷ 14,000 ಬಂದಾಗ ಮಿಕ್ಕ 2,000 ರೂಪಾಯಿಯನ್ನು ಉಳಿತಾಯ ಖಾತೆಯಲ್ಲಿ ಬಿಡಿ. ಶೇ 5.5ರ ವರ್ಷ 11,000 ಮಾತ್ರ ಬಂದರೆ, ಕೊರತೆಯ ಸಾವಿರವನ್ನು ಅದೇ ತುಂಬಿಕೊಡುತ್ತದೆ. ಮೊದಲ ವೇತನವನ್ನು ಈ ವರ್ಷವೇ ಕೊಡುವುದಾದರೆ ಬಡ್ಡಿ ಇನ್ನೂ ಹುಟ್ಟಿರುವುದಿಲ್ಲ. ಅದಕ್ಕೆ ಪ್ರತ್ಯೇಕವಾಗಿ 12,000 ಸೇರಿಸಿ, ಒಟ್ಟು 2,12,000 ಕೊಡಿ.

ಬೆಲೆ ಏರಿಕೆಯ ಮಾತೂ ಇದೆ. ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದರೆ 20 ವರ್ಷದ ನಂತರದ 12,000ಕ್ಕೆ ಇಂದಿನ ಸುಮಾರು 4,500 ರೂಪಾಯಿಯ ಬೆಲೆ ಮಾತ್ರ. ವೇತನವನ್ನೂ ಶೇ 5ರಂತೆ ಏರಿಸುವುದಾದರೆ, ಶೇ 7ರ ಬಡ್ಡಿಯಲ್ಲಿ ಖರ್ಚಿಗೆ ಸಿಗುವುದು ಶೇ 2 ಮಾತ್ರ. ಆಗ ನಿಧಿ 6 ಲಕ್ಷ ಆಗಬೇಕು. ಅಷ್ಟು ಆಗದಿದ್ದರೆ ಮೊತ್ತ ಸ್ಥಿರ ಎಂದು ದತ್ತಿಪತ್ರದಲ್ಲಿ ಸ್ಪಷ್ಟವಾಗಿ ಬರೆಯಿರಿ.

ಠೇವಣಿ ಶಾಲೆಯ ಅಥವಾ ಟ್ರಸ್ಟಿನ ಹೆಸರಿನಲ್ಲಿರಲಿ. ಅರ್ಜಿಯಲ್ಲಿ ‘ಅಸಲು ಮಾತ್ರ ನವೀಕರಣ’ ಎಂಬುದನ್ನು ಗುರುತು ಮಾಡಿ. ಇಲ್ಲವಾದರೆ ಬಡ್ಡಿಯೂ ಠೇವಣಿಗೇ ಸೇರಿಹೋಗಬಹುದು. ಆಗಸ್ಟ್ 15ರಂದು ವೇತನ ಕೊಡುವುದಾದರೆ ಆಗಸ್ಟ್ ಮೊದಲ ವಾರದಲ್ಲಿ ಒಂದು ವರ್ಷದ ಠೇವಣಿ ಇಡಿ. ಧ್ವಜಾರೋಹಣದ ಹೊತ್ತಿಗೆ ಬಡ್ಡಿ ಖಾತೆಗೆ ಬಂದಿರುತ್ತದೆ.